ಸಾಹೇಬರು ನಿವೃತ್ತರು, ಲಾಗಿನ್ ಸೇವೆಯಲ್ಲಿದೆ

ಊರಿನ ಹೆಸರು ಬರೆಯುವುದಿಲ್ಲ. ಹುಬ್ಬಳ್ಳಿಯಿಂದ ಸುಳ್ಳದ ಕಡೆಗೆ ಹೋಗುವ ಬಸ್ಸು ಹತ್ತಿ ಎಲ್ಲೋ ಒಂದು ಕಡೆ ಇಳಿಯಿರಿ, ಅಷ್ಟು ಸಾಕು. ಹೆಸರು ಹಾಕಿದರೆ ಆ ಊರಿನವರು ಸಿಟ್ಟಾಗುತ್ತಾರೆ. ಮಿಕ್ಕ ಊರಿನವರು ನಮ್ಮಲ್ಲಿ ಹಾಗಿಲ್ಲವೆಂದು ಎದೆ ಉಬ್ಬಿಸುತ್ತಾರೆ. ಎರಡೂ ಬೇಡ. ಇದು ಕಟ್ಟುಕಥೆ. ಕಟ್ಟಲು ನನಗೆ ಏನೂ ಕಷ್ಟವಾಗಲಿಲ್ಲ, ಬೇಸರ ಅದೇ.

ಒಂದು ಪ್ರಾಥಮಿಕ ಕೃಷಿ ಪತ್ತಿನ ಸಹಕಾರ ಸಂಘ. ಎರಡು ಕೋಣೆ, ಒಂದು ತಿಜೋರಿ, ಗೊಬ್ಬರದ ವಾಸನೆ, ಗೋಡೆ ತುಂಬ ಮಾಜಿ ಅಧ್ಯಕ್ಷರ ಫೋಟೋ. ಮೇಜಿನ ಮೇಲೆ ಒಂದು ಕಂಪ್ಯೂಟರು. ಅದರ ಮುಂದೆ ಒಬ್ಬ ಗುಮಾಸ್ತ. ಅವನಿಗೂ ಹೆಸರು ಬೇಡ. ಸಂಘದಲ್ಲಿ ಅವನನ್ನು ಯಾರೂ ಹೆಸರಿನಿಂದ ಕರೆಯುವುದಿಲ್ಲ. ‘ಏ ತಮ್ಮಾ’ ಅಂದರೆ ಅವನೇ.

ಸೆಕ್ರೆಟರಿ ಸಾಹೇಬರು ನಿವೃತ್ತರಾಗಿ ಎರಡು ಮಾರ್ಚ್ ಕಳೆದಿವೆ. ಸರಕಾರಿ ಕಾಗದದಲ್ಲಿ ಆ ಹುದ್ದೆಗೆ ಈಗ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಎಂಬ ಉದ್ದನೆಯ ಹೆಸರಿದೆ. ಊರಿಗೆ ಅವರು ಸೆಕ್ರೆಟರಿಯೇ. ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಕಣ್ಣೀರೂ ಆಯಿತು. ಚಾರ್ಜ್ ಪಟ್ಟಿ ಮೂರು ಪುಟ. ತಿಜೋರಿ ಕೀಲಿ ಎರಡು, ರಬ್ಬರ್ ಸ್ಟಾಂಪು ನಾಲ್ಕು, ಚೆಕ್ ಪುಸ್ತಕ, ತೂಕದ ಯಂತ್ರ, ಮುರಿದ ಕುರ್ಚಿ ಮೂರು, ನಿಂತ ಗಡಿಯಾರ ಒಂದು. ಅವರ ಮಾದರಿ ಸಹಿ ರದ್ದು ಮಾಡಿ ಎಂದು ಜಿಲ್ಲಾ ಬ್ಯಾಂಕಿಗೆ ಠರಾವು ಕೂಡ ಹೋಯಿತು. ಮುರಿದ ಕುರ್ಚಿಗೂ ಸಹಿ ಹಾಕಿಸಿಕೊಂಡರು.

ಪಾಸ್‌ವರ್ಡ್ ಯಾರೂ ಕೇಳಲಿಲ್ಲ. ಅದು ಮುರಿದಿರಲಿಲ್ಲ ನೋಡಿ.

2022ರ ಜೂನ್‌ನಲ್ಲಿ ಕೇಂದ್ರ ಸಂಪುಟ ದೇಶದ 63,000 ಕೃಷಿ ಪತ್ತಿನ ಸಂಘಗಳಿಗೆ ಕಂಪ್ಯೂಟರು ಹಾಕಿಸುವ ಯೋಜನೆಗೆ ಒಪ್ಪಿಗೆ ಕೊಟ್ಟಿತು. ವೆಚ್ಚ 2,516 ಕೋಟಿ ರೂಪಾಯಿ. ಯಂತ್ರ ಬರುತ್ತದೆ, ತಂತ್ರಾಂಶ ಬರುತ್ತದೆ, ತರಬೇತಿಗೆ ಊಟ ಬರುತ್ತದೆ. ಬಿಟ್ಟುಹೋದವನ ಲಾಗಿನ್ ಮುಚ್ಚಿದಿರಾ ಎಂದು ಕೇಳುವ ಒಬ್ಬ ಮನುಷ್ಯ ಮಾತ್ರ ಬರುವುದಿಲ್ಲ. ಅದಕ್ಕೆ ಕೋಟಿ ಬೇಕಿಲ್ಲ. ಬಹುಶಃ ಅದಕ್ಕೇ ಬರುವುದಿಲ್ಲ.

ತಂತ್ರಾಂಶದ ನಿಯಮ ಸರಳ. ಸಾಲದ ಅರ್ಜಿಯನ್ನು ಒಬ್ಬ ನಮೂದಿಸಬೇಕು, ಇನ್ನೊಬ್ಬ ಒಪ್ಪಬೇಕು. ನಮೂದಿಸುವವನು ಗುಮಾಸ್ತ, ಅವನ ಲಾಗಿನ್ `CLERK02`. ಒಪ್ಪುವವರು ಸೆಕ್ರೆಟರಿ, ಅವರದು `SECY01`. ಒಬ್ಬನ ಕೈಯಲ್ಲಿ ಎರಡೂ ಕೀಲಿ ಇರಬಾರದು ಎಂಬುದೇ ಇಡೀ ವ್ಯವಸ್ಥೆಯ ಜೀವ. ಗುಮಾಸ್ತನ ಪಾಸ್‌ವರ್ಡ್ ಕಂಪ್ಯೂಟರಿನ ಅಂಚಿಗೆ ಅಂಟಿಸಿದ ಚೀಟಿಯಲ್ಲಿದೆ. ಅಂಟಿಸಿದ್ದು ಅವನಲ್ಲ, ಅವನಿಗಿಂತ ಹಿಂದಿನವನು. ಬದಲಿಸಬೇಡ, ಎಲ್ಲರಿಗೂ ತ್ರಾಸ ಆಗತೈತಿ ಎಂದು ಮೊದಲ ದಿನವೇ ಹೇಳಿದ್ದರು.

ಒಪ್ಪುವ ಲಾಗಿನ್ನಿಗೆ ಮಾತ್ರ ಬಿಗಿ ಭದ್ರತೆ. ಓಟಿಪಿ ಬರಬೇಕು. ಬರುತ್ತದೆ, ನಿವೃತ್ತ ಸಾಹೇಬರ ಮೊಬೈಲಿಗೆ.

ಈಗಿನ ಸೆಕ್ರೆಟರಿ ಪ್ರಭಾರಿ. ಮೂರು ಸಂಘ ಅವರ ಹೆಗಲ ಮೇಲಿವೆ, ಒಂದೊಂದಕ್ಕೆ ವಾರದಲ್ಲಿ ಎರಡು ದಿನ. ತಮ್ಮ ಹೆಸರಿನ ಲಾಗಿನ್ ಬೇಕೆಂದು ಅರ್ಜಿ ಹಾಕಲು ಅವರಿಗೆ ಪುರುಸೊತ್ತು ಸಿಗಲಿಲ್ಲ. ಸಿಗುವ ಅಗತ್ಯವೂ ಬೀಳಲಿಲ್ಲ. ಒಪ್ಪಿಗೆ ಒತ್ತಬೇಕಾದಾಗ ಹೊರಗೆ ಬೇವಿನ ಮರದ ಕೆಳಗೆ ಹೋಗಿ ಫೋನ್ ಹಚ್ಚುತ್ತಾರೆ. ‘ಸಾಹೇಬ್ರ, ಆರು ಅಂಕಿ ಬಂದಾವೇನ್ರಿ?’ ಅತ್ತಲಿಂದ ಸಾಹೇಬರು ಓದಿ ಹೇಳುತ್ತಾರೆ. ಕಳ್ಳರಿಂದ ಕಾಯಲೆಂದು ತಂದ ಬೀಗದ ಕೀಲಿಯನ್ನು ಕೆಲಸ ಬಿಟ್ಟವರ ಜೇಬಿನಲ್ಲಿಟ್ಟು, ತಿಂಗಳಿಗೆ ಹತ್ತು ಸಲ ನಾವೇ ಹೋಗಿ ಕೇಳಿಕೊಂಡು ಬರುತ್ತೇವೆ.

ಗುಮಾಸ್ತನಿಗೆ ಇದು ಗೊತ್ತಿರಲಿಲ್ಲ. ಅವನ ಪರದೆಯಲ್ಲಿ ‘ಮಂಜೂರು’ ಎಂಬ ಹಸಿರು ಅಕ್ಷರ ಕಾಣುತ್ತದೆ. ಯಾರು ಮಂಜೂರು ಮಾಡಿದರು ಎಂಬುದು ಕಾಣುವುದಿಲ್ಲ.

ಜೂನ್‌ನಲ್ಲಿ ಮಳೆ ಬಿತ್ತು. ಎರಿ ಹೊಲ ಹದಕ್ಕೆ ಬಂತು. ಎಲ್ಲರೂ ಹೆಸರು ಬಿತ್ತುವ ಗಡಿಬಿಡಿಯಲ್ಲಿದ್ದಾಗ ಒಬ್ಬ ಮುದುಕಿ ಬಂದಳು. ಹೋದ ವರ್ಷ 60,000 ರೂಪಾಯಿ ಬೆಳೆಸಾಲ ತೆಗೆದಿದ್ದಳು. ಮಾರ್ಚ್ 20ಕ್ಕೆ ಪೂರ್ತಿ ತುಂಬಿದ್ದಳು. ಈ ವರ್ಷದ್ದು ಈಗ ಬೇಕು.

ಗುಮಾಸ್ತ ನಮೂದಿಸಿದ. ತಂತ್ರಾಂಶ ಒಲ್ಲೆ ಎಂದಿತು. ಸಾಲಮಿತಿ ಮುಗಿದಿದೆ.

‘ಯವ್ವಾ, ನಿನ್ನ ಹೆಸರಿಗೆ ಒಂದು ಲಕ್ಷ ಎಂಬತ್ತು ಸಾವಿರ ಸಾಲ ಐತಿ.’

‘ಯಾರ ಕೊಟ್ರೋ ತಮ್ಮಾ? ಕೊಟ್ಟವ್ರಿಗೆ ಹೇಳು, ಆ ರೊಕ್ಕ ನಂಗ ಮುಟ್ಟಿಲ್ಲ.’

ಸೀರೆಯ ಸೆರಗಿನ ಗಂಟು ಬಿಚ್ಚಿ ರಶೀದಿ ತೆಗೆದಳು. ಮಾರ್ಚ್ 20, ರೂ. 60,000, ನಗದು. ಕೈಬರಹ, ದುಂಡಗಿನ ಅಕ್ಷರ, ಸಂಘದ ಸ್ಟಾಂಪು. ಗುಮಾಸ್ತ ಎರಡು ಸಲ ನೋಡಿದ. ಕಂಪ್ಯೂಟರು ಬಂದ ಮೇಲೆ ಕೈಬರಹದ ರಶೀದಿ ನಿಂತುಹೋಗಿತ್ತು. ಯಾರಿಗೆ ಕೊಟ್ಟಿ ಎಂದು ಕೇಳಿದ. ಸೆಕ್ರೆಟರಿ ಸಾಹೇಬರಿಗೆ ಎಂದಳು. ಹಳಬರಿಗೆ. ವಸೂಲಿ ಹಂಗಾಮಿನಲ್ಲಿ ಅವರು ಸಂಘದ ಕಟ್ಟೆಗೆ ಬಂದು ಕೂಡುತ್ತಾರೆ. ಸಂಬಳವಿಲ್ಲ, ಸೇವೆ. ರೈತರಿಗೆ ಅವರ ಮುಖ ಪರಿಚಯ, ಅವರಿಗೆ ರೈತರ ರೊಕ್ಕ ಪರಿಚಯ.

ಮುದುಕಿಯನ್ನು ನಾಳೆ ಬಾ ಎಂದು ಕಳಿಸಿದ ಗುಮಾಸ್ತ, ವರದಿಗಳ ಮೆನುವಿನ ತಳದಲ್ಲಿ ಯಾರೂ ಮುಟ್ಟದೆ ಬಿದ್ದಿದ್ದ `Audit Trail` ಒತ್ತಿದ. ಯಾವ ಲಾಗಿನ್, ಯಾವ ಹೊತ್ತು, ಏನು ಮಾಡಿತು ಎಂಬ ಪಟ್ಟಿ ಅದು. ತಂತ್ರಾಂಶ ಯಾರಿಗೂ ಹೆದರದೆ ಬರೆದಿಟ್ಟಿತ್ತು. ಓದುವವರಿರಲಿಲ್ಲ, ಅಷ್ಟೇ.

ಮುದುಕಿಯ ಹೊಸ ಸಾಲ ಹುಟ್ಟಿದ್ದು ಮಾರ್ಚ್ 29ರ ರಾತ್ರಿ. ನಮೂದು 8 ಗಂಟೆ 46 ನಿಮಿಷಕ್ಕೆ, ಒಪ್ಪಿಗೆ 8 ಗಂಟೆ 47ಕ್ಕೆ. ಸಂಘದ ಬಾಗಿಲು ಸಂಜೆ ಐದೂವರೆಗೆ ಬೀಳುತ್ತದೆ. ಎರಡೂ ಕೆಲಸ ಒಂದೇ ಯಂತ್ರದಿಂದ ಆಗಿದ್ದವು. ಅದು ಸಂಘದ ಯಂತ್ರವಲ್ಲ. ತಂತ್ರಾಂಶ ಮನೆಯಿಂದಲೂ ತೆರೆಯುತ್ತದೆ, ಅನುಕೂಲಕ್ಕಾಗಿ.

ಒಪ್ಪಿದ್ದು `SECY01`.

ನಮೂದಿಸಿದ್ದು `CLERK02`.

ಗುಮಾಸ್ತ ಕಂಪ್ಯೂಟರಿನ ಅಂಚಿನ ಚೀಟಿಯನ್ನು ಕಿತ್ತು ಜೇಬಿಗೆ ಹಾಕಿಕೊಂಡ. ಕುದುರೆ ಹೋದ ಮೇಲೆ ಲಾಯ ಮುಚ್ಚುವ ಗಾದೆ ಅವನಿಗೂ ಗೊತ್ತಿತ್ತು.

ಈಗ ಲೆಕ್ಕ ನೋಡಿ, ಚೆಂದವಾಗಿದೆ. ಮುದುಕಿ ಕೊಟ್ಟ 60,000 ನಗದು ಸಂಘದ ಪುಸ್ತಕ ಸೇರಲೇ ಇಲ್ಲ, ಸೀದಾ ಜೇಬಿಗೆ. ಹಾಗಾಗಿ ಪುಸ್ತಕದಲ್ಲಿ ಹಳೆಯ ಸಾಲ ಹಾಗೇ ನಿಂತಿತ್ತು. ಅದನ್ನು ಮುಚ್ಚಬೇಕಲ್ಲ? ಅವಳ ಹೆಸರಿನಲ್ಲಿ 1,80,000ದ ಹೊಸ ಸಾಲ ಬರೆದರು. ಅದರಲ್ಲಿ 60,000ವನ್ನು ಹಳೆಯ ಸಾಲಕ್ಕೆ ಜಮಾ ಮಾಡಿದರು. ಉಳಿದ 1,20,000 ಬೇರೆ ಒಂದು ಉಳಿತಾಯ ಖಾತೆಗೆ ಹೋಯಿತು. ಜೇಬಿನ 60,000, ಖಾತೆಯ 1,20,000, ಒಟ್ಟು 1,80,000. ಸಾಲ ಅವಳದು, ರೊಕ್ಕ ಅವರದು. ಒಂದು ಪೈಸೆ ಹೆಚ್ಚುಕಡಿಮೆ ಇಲ್ಲ. ಇಂಥ ತಾಳೆ ಸಂಘದ ಗೊಬ್ಬರದ ಲೆಕ್ಕದಲ್ಲಿ ಎಂದೂ ಬಂದಿಲ್ಲ.

ಅದೇ ಹೊಲ, ಸಾಲ ಮೂರು ಪಟ್ಟು ಹೇಗಾಯಿತು? ಬೆಳೆಯ ಕಾಲಂನಲ್ಲಿ ಹೆಸರು ತೆಗೆದು ಒಣಮೆಣಸಿನಕಾಯಿ ಎಂದು ಬರೆದರು. ಬೆಳೆಸಾಲಕ್ಕೆ ಒಂದೊಂದು ಬೆಳೆಗೆ ಎಕರೆಗೆ ಇಷ್ಟು ಎಂಬ ದರವಿದೆ, ಮೆಣಸಿನಕಾಯಿಗೆ ಹೆಸರಿಗಿಂತ ಬಹಳ ಹೆಚ್ಚು. ಹೊಲದಲ್ಲಿ ಒಂದು ಗಿಡ ಬದಲಾಗಬೇಕಿಲ್ಲ. ಪಹಣಿಯ 11ನೇ ಕಾಲಂನಲ್ಲಿ ಸಂಘದ ಬೋಜಾ ಮೊದಲೇ ಏರಿತ್ತು. ಪಹಣಿ ತೆಗೆಸಿ ನೋಡಿದರೂ ಮುದುಕಿಗೆ ತನ್ನ ಹಳೆಯ ಬೋಜಾ ಕಾಣುತ್ತದೆಯೇ ಹೊರತು, ಅದರ ಹಿಂದೆ ಬೆಳೆದು ನಿಂತ ಹೊಸ ಸಾಲ ಕಾಣುವುದಿಲ್ಲ.

ವರ್ಷಗಟ್ಟಲೆ ಯಾರಿಗೂ ತಿಳಿಯದ್ದು ಹೇಗೆ ಎಂದು ನೀವು ಕೇಳುತ್ತೀರಿ. ಉತ್ತರ ಬಜೆಟ್ಟಿನಲ್ಲಿದೆ. ರಾಜ್ಯದಲ್ಲಿ ಶೂನ್ಯ ಬಡ್ಡಿಯ ಬೆಳೆಸಾಲದ ಮಿತಿ 3 ಲಕ್ಷವಿತ್ತು, 2023-24ರಲ್ಲಿ 5 ಲಕ್ಷವಾಯಿತು. ರೈತನಿಗೆ ಒಳ್ಳೆಯದೇ. ಆದರೆ ಬಡ್ಡಿ ಇಲ್ಲದ ಸಾಲ ಸದ್ದು ಮಾಡುವುದಿಲ್ಲ. ಬಡ್ಡಿ ಇದ್ದಿದ್ದರೆ ಮನೆಗೆ ನೋಟಿಸು ಹೋಗುತ್ತಿತ್ತು, ಮುದುಕಿ ಅಂದೇ ಬಂದು ಬೈಯುತ್ತಿದ್ದಳು. ಈಗ ಬಡ್ಡಿಯನ್ನು ರೈತನ ಪರವಾಗಿ ಸರಕಾರ ತುಂಬುತ್ತದೆ. ಸಂಘ ಪಟ್ಟಿ ಕಳಿಸುತ್ತದೆ, ಸರಕಾರ ಕೊಡುತ್ತದೆ. ಅಂದರೆ ಕದ್ದ ಸಾಲದ ಬಡ್ಡಿಯನ್ನು ನೀವು, ನಾನು, ಬೆಂಕಿಪೊಟ್ಟಣ ಕೊಂಡವರೆಲ್ಲ ತೆರಿಗೆಯಲ್ಲಿ ಕಟ್ಟುತ್ತಿದ್ದೇವೆ. ಕಳ್ಳನಿಗೆ ಬಡ್ಡಿ ಸಹಾಯಧನ ಕೊಡುವ ಯೋಜನೆಗೆ ಇನ್ನೂ ಯಾರ ಹೆಸರೂ ಇಟ್ಟಿಲ್ಲ. ಇಡಬಹುದು.

ಒಂದೇ ಷರತ್ತು. ಗಡುವಿನೊಳಗೆ ಸಾಲ ತೀರಬೇಕು. ತಪ್ಪಿದರೆ ರಿಯಾಯಿತಿ ಹೋಯಿತು, ಬಡ್ಡಿ ಬಿತ್ತು, ನೋಟಿಸು ಹೊರಟಿತು, ಬಂಡವಾಳ ಬಯಲಾಯಿತು. ಹಾಗಾಗಿ ಮುಂದಿನ ಮಾರ್ಚ್‌ನಲ್ಲಿ ಮುದುಕಿಯ 1,80,000 ತೀರಲೇಬೇಕು. ತೀರಿಸುವುದು ಹೇಗೆ? ಇನ್ನೊಂದು ಸಾಲ ಬರೆದು. ಅವಳ ಹೆಸರಿನಲ್ಲಿ ಮಿತಿ ಸಾಲದಿದ್ದರೆ ಪಕ್ಕದ ಹೊಲದವನ ಹೆಸರಿನಲ್ಲಿ. ಕಳ್ಳತನ ಒಂದು ದಿನದ್ದು, ಅದನ್ನು ಮುಚ್ಚುವ ಕೆಲಸ ಪ್ರತಿ ವರ್ಷದ್ದು.

ಸಾಹೇಬರು ಲಾಗಿನ್ ಬಿಡದ ಕಾರಣ ಇದೇ. ದುರಾಸೆ ಇರಬಹುದು, ಅದಕ್ಕಿಂತ ಹೆಚ್ಚು ಹೆದರಿಕೆ. ಕುರ್ಚಿ ಬಿಟ್ಟರೆ ನಡೆಯುತ್ತದೆ. ಆ ಗುಂಡಿ ಒತ್ತುವುದು ಬಿಟ್ಟರೆ ಮೊದಲ ಏಪ್ರಿಲ್‌ನಲ್ಲೇ ಪೊಲೀಸರು.

ಮುಂಬೈಯ ದೊಡ್ಡ ಕಥೆ ನೆನಪಿರಬಹುದು. ಪಂಜಾಬ್ ನ್ಯಾಷನಲ್ ಬ್ಯಾಂಕಿನ ಬ್ರ್ಯಾಡಿ ಹೌಸ್ ಶಾಖೆಯಲ್ಲಿ ವಜ್ರದ ವ್ಯಾಪಾರಿಗೆ ವರ್ಷಾನುಗಟ್ಟಲೆ ಖಾತರಿ ಪತ್ರ ಕೊಡುತ್ತಿದ್ದ ಅಧಿಕಾರಿ 2017ರಲ್ಲಿ ನಿವೃತ್ತರಾದರು. 2018ರ ಜನವರಿಯಲ್ಲಿ ವ್ಯಾಪಾರಿಯ ಕಡೆಯವರು ಮತ್ತೆ ಪತ್ರ ಕೇಳಲು ಬಂದಾಗ, ಕುರ್ಚಿಯಲ್ಲಿದ್ದ ಹೊಸಬರು ಪೂರ್ತಿ ಹಣ ಮುಂಗಡ ಇಡಿ ಎಂದರು. ಹಿಂದೆ ಹೀಗೆ ಕೇಳುತ್ತಿರಲಿಲ್ಲ ಎಂದು ಬಂದವರು ಅಂದರು. ಹಿಂದಿನದನ್ನು ತೆಗೆದು ನೋಡಿದರೆ ಹದಿಮೂರು ಸಾವಿರ ಕೋಟಿ ದಾಟುವ ಗುಂಡಿ. ಅಲ್ಲಿ ಎಲ್ಲ ಹೊರಬಿದ್ದದ್ದು ಅಧಿಕಾರಿ ನಿಜವಾಗಿ ನಿವೃತ್ತರಾದದ್ದರಿಂದ. ನಮ್ಮ ಸಾಹೇಬರು ಆ ತಪ್ಪು ಮಾಡಲಿಲ್ಲ. ವಜ್ರದವರು ನಮ್ಮ ಕಡೆ ಬಂದು ತರಬೇತಿ ಪಡೆಯಬಹುದಿತ್ತು.

ಗುಮಾಸ್ತ ಪೂರ್ತಿ ಪಟ್ಟಿ ಮುದ್ರಿಸಿದ. ಸಾಹೇಬರು ನಿವೃತ್ತರಾದ ಮೇಲೆ `SECY01` ಒಪ್ಪಿದ ಸಾಲ 214. ಅದರಲ್ಲಿ ಸಂಜೆ ಆರರ ನಂತರದವು 37. ಆ 37ಕ್ಕೆ ಕಡತದಲ್ಲಿ ಅರ್ಜಿ ಇಲ್ಲ, ವೋಚರು ಇಲ್ಲ, ಹೆಬ್ಬೆಟ್ಟೂ ಇಲ್ಲ.

ಮೊದಲು ಪ್ರಭಾರಿಯ ಬಳಿ ಹೋದ. ಅವರು ಕಾಗದ ನೋಡಿದರು, ಬೆವೆತರು. ಹಗಲಿನ 177 ಅವರವೇ. ಬೇವಿನ ಮರದ ಕೆಳಗಿನವು.

‘ಇದನ್ನ ಬಯಲಿಗೆ ತಂದ್ರ ನಂದೂ ಬರತೈತಲ್ಲೋ. ನಾನೇನ ತಿಂದೀನಿ? ನಾನು ಬರೇ ಒತ್ತೀನಿ.’

ಇದು ಈ ನಾಡಿನ ಅತ್ಯಂತ ಪ್ರಾಮಾಣಿಕ ವಾಕ್ಯ. ತಿನ್ನುವವರು ನಾಲ್ಕು ಜನ, ಒತ್ತುವವರು ನಲವತ್ತು. ನಲವತ್ತು ಜನ ತಮ್ಮ ಅನುಕೂಲಕ್ಕೆ ಒತ್ತಿದ್ದರ ರಾಶಿಯ ಕೆಳಗೆ ನಾಲ್ವರ ಊಟ ಮುಚ್ಚಿಹೋಗುತ್ತದೆ. ರಾತ್ರಿಯ ಒಪ್ಪಿಗೆಯೂ ಹಗಲಿನ ಒಪ್ಪಿಗೆಯೂ ಒಂದೇ ಹೆಸರಿನಲ್ಲಿವೆ. ಒಂದನ್ನು ಹಿಡಿಯಲು ಹೋದರೆ ಇನ್ನೊಂದು ಕಿರುಚುತ್ತದೆ.

ಆಮೇಲೆ ಅಧ್ಯಕ್ಷರ ಮನೆಗೆ ಹೋದ. ಚಹಾ ಕೊಟ್ಟರು. ಪಟ್ಟಿಯನ್ನು ಕನ್ನಡಕ ಹಾಕದೆ ಓದಿದರು.

‘ತಮ್ಮಾ, ನಮ್ಮ ಸಂಘದ ವಸೂಲಿ ಎಷ್ಟೈತಿ?’

‘ನೂರಕ್ಕ ನೂರ್ರಿ.’

‘ಆಡಿಟ್ ವರ್ಗ?’

‘ಎ ವರ್ಗ ರೀ.’

‘ಮತ್ತ? ಆ ಲಾಗಿನ್ ಇವತ್ತ ಬಂದ್ ಮಾಡಿದ್ರ ಬರೋ ಮಾರ್ಚಿಗೆ ಇವೆಲ್ಲಾ ಸುಸ್ತಿ ಆಗ್ತಾವ. ವಸೂಲಿ ಬೀಳತೈತಿ. ಜಿಲ್ಲಾ ಬ್ಯಾಂಕು ಮುಂದಿನ ಹಣ ಹಿಡೀತೈತಿ. ಪ್ರಾಮಾಣಿಕ ರೈತರಿಗೆ ಸಾಲ ಸಿಗಂಗಿಲ್ಲ. ರೈತರ ಹೊಟ್ಟಿ ಮ್ಯಾಲೆ ಹೊಡೀತಿಯೇನು?’

ವಾದದಲ್ಲಿ ಒಂದು ಬಿರುಕೂ ಇಲ್ಲ. ರೈತರ ಹೆಸರಿನಲ್ಲಿ ಕದ್ದದ್ದನ್ನು ರೈತರ ಹಿತಕ್ಕಾಗಿ ಮುಚ್ಚಿಡಬೇಕು. ಇದೇ ಅಧ್ಯಕ್ಷರು ಪ್ರತಿ ಮಹಾಸಭೆಯಲ್ಲಿ ಗದುಗಿನ ಕಣಗಿನಹಾಳದ ಮಾತೆತ್ತುತ್ತಾರೆ. 1905ರಲ್ಲಿ ಸಿದ್ದನಗೌಡ ಪಾಟೀಲರು ದೇಶದ ಮೊದಲ ಕೃಷಿ ಪತ್ತಿನ ಸಂಘ ಕಟ್ಟಿದ ನೆಲ ನಮ್ಮದು ಎಂದು ಮೈಕ್ ಒಡೆಯುವಂತೆ ಹೇಳುತ್ತಾರೆ. ಸಿದ್ದನಗೌಡರು ಊರಿನವರ ನಂಬಿಕೆಯನ್ನೇ ಬಂಡವಾಳ ಮಾಡಿದರು. ಇವರೂ ಅದನ್ನೇ ಬಂಡವಾಳ ಮಾಡಿದ್ದಾರೆ, ಇಲ್ಲವೆನ್ನುವಂತಿಲ್ಲ.

ಕಾಸರಗೋಡಿನ ಕಾರಡ್ಕದಲ್ಲಿ 2024ರ ಮೇ ತಿಂಗಳಲ್ಲಿ ಒಂದು ಕೃಷಿಕರ ಸಹಕಾರ ಸಂಘದ ಅಧ್ಯಕ್ಷರೇ ಪೊಲೀಸ್ ಠಾಣೆಗೆ ಹೋದರು. ಕಾರ್ಯದರ್ಶಿ ಸದಸ್ಯರ ಹೆಸರಿನಲ್ಲಿ ಚಿನ್ನವೇ ಇಲ್ಲದೆ ಚಿನ್ನದ ಸಾಲ ಬರೆದು 4.76 ಕೋಟಿ ರೂಪಾಯಿ ಎತ್ತಿದ್ದಾರೆ ಎಂಬುದು ಅವರ ದೂರು. ನಮ್ಮ ಅಧ್ಯಕ್ಷರಿಗೂ ಠಾಣೆಯ ದಾರಿ ಗೊತ್ತು. ಗಣಪತಿ ಚಂದಾ ಕೇಳಲು ಹೋಗುತ್ತಾರೆ.

ಆಡಿಟರು ಏನು ಮಾಡುತ್ತಿದ್ದರು ಎಂದಿರಾ? ಆಡಿಟ್ ಮಾಡುತ್ತಿದ್ದರು. ಸಾಲದ ಮೊತ್ತ ಕೂಡಿಸಿದರು, ತಾಳೆಯಾಯಿತು. ಕಳ್ಳಸಾಲವೂ ಸಾಲವೇ, ಕೂಡಿಸಿದರೆ ಕೂಡುತ್ತದೆ. ಇಂಥದ್ದನ್ನು ಹಿಡಿಯಲು ಒಂದು ನೇರ ದಾರಿ ಇದೆ. ಸಾಲಗಾರನ ಮನೆಗೇ ಹೋಗಿ ‘ನಿಮ್ಮ ಹೆಸರಿಗೆ ಇಷ್ಟು ಬಾಕಿ ಇದೆ, ಹೌದೇ?’ ಎಂದು ಕೇಳಿ ಸಹಿ ಪಡೆಯುವುದು. ಬಾಕಿ ದೃಢೀಕರಣ ಅಂತ ಅದಕ್ಕೆ ಹೆಸರು. ಎಲ್ಲರ ಮನೆಗೆ ಹೋಗಲು ಆಗುವುದಿಲ್ಲ, ನಾಲ್ಕಾರು ಹೆಸರು ಆರಿಸಬೇಕು. ಬಿಸಿಲು ಜಾಸ್ತಿ ಇತ್ತು. ಹೆಸರುಗಳನ್ನು ಸಂಘದವರೇ ಆರಿಸಿ ಕೊಟ್ಟರು, ಸಹಿಯನ್ನೂ ಅವರೇ ತರಿಸಿ ಕೊಟ್ಟರು. ಆಡಿಟರನ್ನು ಇಲಾಖೆಯ ಪಟ್ಟಿಯಿಂದ ಆರಿಸುವುದೂ ಸಂಘದ ಮಹಾಸಭೆಯೇ. ಪರೀಕ್ಷೆ ಬರೆಯುವವನೇ ಮೇಷ್ಟರನ್ನು ಆರಿಸಿದರೆ ಪ್ರಶ್ನೆಪತ್ರಿಕೆ ಕಠಿಣವಾಗಿರಲು ಸಾಧ್ಯವೇ.

ಮುದುಕಿ ಮರುದಿನ ಬಂದಳು. ಅದರ ಮರುದಿನವೂ ಬಂದಳು. ಗುಮಾಸ್ತ ಅವಳಿಗೆ ಸತ್ಯ ಹೇಳಿದ. ಅವಳು ರಶೀದಿಯ ಝೆರಾಕ್ಸ್ ತೆಗೆಸಿ, ಹೈಸ್ಕೂಲು ಓದುವ ಮೊಮ್ಮಗಳ ಕೈಯಲ್ಲಿ ಅರ್ಜಿ ಬರೆಸಿ, ಹುಬ್ಬಳ್ಳಿಗೆ ಹೋಗಿ ಸಹಕಾರ ಇಲಾಖೆಯ ಕಚೇರಿಯಲ್ಲಿ ಕೊಟ್ಟು ಸ್ವೀಕೃತಿ ತಂದಳು. ಈ ಇಡೀ ಕಥೆಯಲ್ಲಿ ಕಾಗದದ ಬೆಲೆ ಗೊತ್ತಿದ್ದವಳು ಅವಳೊಬ್ಬಳೇ, ಓದಲು ಬಾರದವಳು.

ಸಹಕಾರ ಕಾಯ್ದೆಯ 64ನೇ ಕಲಮಿನಲ್ಲಿ ವಿಚಾರಣೆ ಮಾಡಿಸಬಹುದು, 69ರಲ್ಲಿ ನಷ್ಟವನ್ನು ತಿಂದವರಿಂದ ವಸೂಲು ಮಾಡಬಹುದು. ಕಾಯ್ದೆ 1959ರದ್ದು, ಅಂದಿನಿಂದ ಮಾಡಬಹುದು. ಇಲಾಖೆ ಮಾಡಿದ್ದು ಬೇರೆ. ಅರ್ಜಿಯ ಮೇಲೆ ‘ಪರಿಶೀಲಿಸಿ, ಅರ್ಜಿದಾರರಿಗೆ ಹಿಂಬರಹ ನೀಡಿ’ ಎಂದು ಬರೆದು, ಅದನ್ನು ಅದೇ ಸಂಘಕ್ಕೆ ಕಳಿಸಿತು. ಸಂಘ ಪರಿಶೀಲಿಸಿತು. ದಾಖಲೆಗಳ ಪ್ರಕಾರ ಸಾಲ ಕ್ರಮಬದ್ಧವಾಗಿದೆ ಎಂದು ಹಿಂಬರಹ ಕೊಟ್ಟಿತು. ಮಾರ್ಚ್‌ನೊಳಗೆ ತೀರಿಸಿ ಶೂನ್ಯ ಬಡ್ಡಿಯ ಲಾಭ ಪಡೆಯಿರಿ ಎಂಬ ಸಲಹೆಯನ್ನೂ ಸೇರಿಸಿತು. ಹಿಂಬರಹದ ಅಕ್ಷರ ದುಂಡಗಿತ್ತು.

ಆಡಳಿತ ಮಂಡಳಿಯ ತುರ್ತು ಸಭೆ ಸೇರಿತು. ವಿಷಯ ಒಂದು: ನಿವೃತ್ತ ಕಾರ್ಯದರ್ಶಿಗಳ ಗೌರವಾರ್ಥ ಸೇವೆಯನ್ನು ಮುಂದುವರಿಸುವುದು. ಸರ್ವಾನುಮತ. ವಿಷಯ ಎರಡು: ಗುಮಾಸ್ತನಿಗೆ ಕಾರಣ ಕೇಳಿ ನೋಟಿಸು. `CLERK02`ದಿಂದ ಕಚೇರಿ ಸಮಯದ ಹೊರಗೆ 37 ಸಾಲ ನಮೂದಾಗಿವೆ, ಯಾಕೆ? ಸಂಘದ ಗೌಪ್ಯ ದಾಖಲೆ ಮುದ್ರಿಸಿದ್ದೀಯ, ಯಾಕೆ? ಸದಸ್ಯೆಯೊಬ್ಬರಿಗೆ ಸಂಘದ ಬಗ್ಗೆ ತಪ್ಪು ಕಲ್ಪನೆ ಮೂಡಿಸಿದ್ದೀಯ, ಯಾಕೆ? ಏಳು ದಿನದಲ್ಲಿ ಉತ್ತರ ಕೊಡು. ಹತ್ತು ಅಡಿ ದೂರ ಕೂತವನಿಗೆ ನೋಟಿಸನ್ನು ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದರು.

ಅಂಚೆ ಖರ್ಚಿನ ವೋಚರು ನಮೂದಿಸಬೇಕಾದವನು ಗುಮಾಸ್ತನೇ. ನಮೂದಿಸಿದ. ಸ್ವಲ್ಪ ಹೊತ್ತಿಗೆ ಪರದೆಯಲ್ಲಿ ‘ಮಂಜೂರು’ ಎಂದು ಹಸಿರು ಅಕ್ಷರ ಬಂತು. ಒಪ್ಪಿದವರು ಯಾರು ಎಂದು ನೋಡಲು ವರದಿಗಳ ಮೆನುವಿನ ತಳಕ್ಕೆ ಹೋದ. ಆ ಸಾಲು ಅಲ್ಲಿರಲಿಲ್ಲ. ಜಿಲ್ಲೆಯಲ್ಲಿ ತಂತ್ರಾಂಶ ನೋಡಿಕೊಳ್ಳುವ ಹುಡುಗನಿಗೆ ಫೋನ್ ಹಚ್ಚಿ ಕೇಳಿದ. ಆ ಹುಡುಗ ಸಂಕೋಚದಿಂದ ಹೇಳಿದ: ‘ನಿಮ್ಮ ಲಾಗಿನ್ನಿಗೆ ಆ ಸೌಲಭ್ಯ ತೆಗೀರಿ ಅಂತ ನಿನ್ನೆ ಸಂಜಿ ಪತ್ರ ಬಂತ್ರಿ. ಐದ ನಿಮಿಷದ ಕೆಲಸ, ಕೂಡಲೇ ಮಾಡಿದ್ವಿ.’